ಗರ್ಭಿಣಿಯ ದಿನದ ಲೆಕ್ಕದಲ್ಲಿ ಕಾಫಿ, ಚಹಾ ಮತ್ತು ಕೋಲಾ

ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾದ ಸುದ್ದಿ ತಿಳಿದ ದಿನದಿಂದಲೇ ಹಿರಿಯರ ಸಲಹೆಗಳು ಆರಂಭವಾಗುತ್ತವೆ. ಅವುಗಳಲ್ಲಿ ಬಹುತೇಕ ಎಲ್ಲ ಮನೆಗಳಲ್ಲಿಯೂ ಕೇಳಿಬರುವ ಒಂದು ಮಾತೆಂದರೆ, ‘ಕಾಫಿ ಉಷ್ಣ, ಬಿಟ್ಟುಬಿಡು, ಬೇಕಾದರೆ ಚಹಾ ಕುಡಿ’ ಎಂಬುದು. ಕಾಫಿಯ ವಿಷಯದಲ್ಲಿ ಎಚ್ಚರಿಕೆ ಬೇಕೆಂಬುದು ಸರಿಯೇ. ಆದರೆ ಚಹಾ ನಿರಪಾಯಕಾರಿ ಎಂಬ ಎರಡನೆಯ ಅರ್ಧವನ್ನು ಒಪ್ಪಲಾಗದು. ಎಚ್ಚರ ವಹಿಸಬೇಕಾದದ್ದು ಕಾಫಿ ಎಂಬ ಹೆಸರಿಗಲ್ಲ, ಅದರೊಳಗಿನ ಕೆಫೀನ್ ಎಂಬ ಅಂಶಕ್ಕೆ. ಆ ಅಂಶ ಚಹಾದಲ್ಲಿಯೂ ಇದೆ, ಅಂಗಡಿಯ ಕೋಲಾ ಶೀಶೆಯಲ್ಲಿಯೂ ಇದೆ, ಕೆಲವು ತಲೆನೋವಿನ ಗುಳಿಗೆಗಳಲ್ಲಿಯೂ ಇದೆ. ದೇಹವು ಇವುಗಳನ್ನು ಬೇರೆ ಬೇರೆಯಾಗಿ ಎಣಿಸುವುದಿಲ್ಲ, ಕೂಡಿಸಿಯೇ ಎಣಿಸುತ್ತದೆ.

ಆಯುರ್ವೇದ ವೈದ್ಯರು ಮಿಲಿಗ್ರಾಂ ಲೆಕ್ಕ ಹೇಳುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಯು ಅತಿಯಾಗಿ ಗುರು, ಉಷ್ಣ ಮತ್ತು ತೀಕ್ಷ್ಣವಾದ ಪದಾರ್ಥಗಳನ್ನು ತ್ಯಜಿಸಬೇಕೆಂದು ಹೇಳಿದೆ. ತಿಂಗಳು ತಿಂಗಳಿಗೆ ಆಕೆಯ ಆಹಾರಕ್ರಮವನ್ನೂ ವಿವರಿಸಿದೆ. ಆದರೆ ಆ ಗ್ರಂಥದಲ್ಲಿ ಕಾಫಿಯೂ ಇಲ್ಲ, ಇಂದು ನಾವು ಕುದಿಸಿ ಕುಡಿಯುವ ಚಹಾವೂ ಇಲ್ಲ. ಕಾಫಿಯು ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರ ಮೂಲಕ ಯೆಮನ್‌ನಿಂದ ನಮ್ಮ ಚಂದ್ರದ್ರೋಣ ಪರ್ವತಕ್ಕೆ ಬಂದಿತೆಂಬುದು ಪರಂಪರೆಯ ಮಾತು. ಶಾಸ್ತ್ರ ಹೇಳದ ವಸ್ತುವಿನ ಪ್ರಮಾಣವನ್ನು ಶಾಸ್ತ್ರದ ಹೆಸರಿನಲ್ಲಿ ಹೇಳುವುದು ನನಗೆ ಸರಿಕಾಣದು. ‘ತೀಕ್ಷ್ಣವಾದುದನ್ನು ಮಿತಗೊಳಿಸು’ ಎಂಬ ಸೂತ್ರ ಚರಕರದು. ಎಷ್ಟು ಎಂಬುದಕ್ಕೆ ಇಂದಿನ ಅಳತೆಯನ್ನೇ ಆಶ್ರಯಿಸಬೇಕು.

ಆ ಅಳತೆ ಎಷ್ಟು? ಗರ್ಭಿಣಿಯು ಒಂದು ದಿನಕ್ಕೆ ಎಲ್ಲ ಮೂಲಗಳಿಂದ ಸೇರಿ 200 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಮಿತಿ. ಬ್ರಿಟನ್ನಿನ ಆಹಾರ ಮಾನದಂಡ ಸಂಸ್ಥೆಯು 2008ರಲ್ಲಿ ತನ್ನ ಹಿಂದಿನ 300 ಮಿಲಿಗ್ರಾಂ ಮಿತಿಯನ್ನು 200ಕ್ಕೆ ಇಳಿಸಿತು. ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 2010ರಲ್ಲಿಯೂ, ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿಯೂ ಇದೇ ಸಂಖ್ಯೆಯನ್ನು ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ, ದಿನಕ್ಕೆ 300ಕ್ಕಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕೆಂದು ಹೇಳಿತು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಲ್ಲಿಯೂ 300 ಎಂಬ ಸಂಖ್ಯೆ ಕಾಣುತ್ತದೆ. ಆದರೆ ಅದು ಸಾಮಾನ್ಯ ಜನರಿಗೆ ಹೇಳಿದ್ದು. ಪತ್ರಿಕೆಯಲ್ಲಿ ಅದನ್ನು ಓದಿ ಗರ್ಭಿಣಿಗೂ ಅನ್ವಯಿಸಿಕೊಳ್ಳುವುದು ಬೇಡ.

ಗರ್ಭಿಣಿಗೆ ಮಿತಿ ಕಡಿಮೆಯಾಗಲು ಕಾರಣ ಆಕೆಯ ಯಕೃತ್ತಿನಲ್ಲಿದೆ. ನಾವು ಕುಡಿದ ಕೆಫೀನನ್ನು ಒಡೆದು ಹೊರಹಾಕುವ ಕೆಲಸ ಯಕೃತ್ತಿನ ಒಂದು ಕಿಣ್ವದ್ದು. ಗರ್ಭ ಬೆಳೆದಂತೆ ಈ ಕಿಣ್ವದ ಕೆಲಸ ಮಂದವಾಗುತ್ತದೆ. ಸಾಮಾನ್ಯ ಸ್ತ್ರೀಯ ದೇಹದಲ್ಲಿ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆಯೊಳಗೆ ಕಳೆದುಹೋದರೆ, ಕೊನೆಯ ಮೂರು ತಿಂಗಳಲ್ಲಿ ಅದಕ್ಕೆ 15ರಿಂದ 18 ಗಂಟೆ ಹಿಡಿಯುತ್ತದೆ. ಒಂದು ಉದಾಹರಣೆ ನೋಡೋಣ. ಬೆಳಿಗ್ಗೆ 6 ಗಂಟೆಗೆ 100 ಮಿಲಿಗ್ರಾಂ ಕೆಫೀನ್ ಇರುವ ಗಟ್ಟಿ ಕಾಫಿ ಕುಡಿದಳೆನ್ನಿ. ಗರ್ಭಿಣಿಯಲ್ಲದಿದ್ದರೆ ರಾತ್ರಿ 9ರ ಹೊತ್ತಿಗೆ ದೇಹದಲ್ಲಿ ಉಳಿಯುವುದು ಹನ್ನೆರಡು ಹದಿಮೂರು ಮಿಲಿಗ್ರಾಂ. ಎಂಟು ತಿಂಗಳ ಗರ್ಭಿಣಿಯಾದರೆ ರಾತ್ರಿ ಮಲಗುವಾಗ ಇನ್ನೂ 50 ಉಳಿದಿರುತ್ತದೆ. ಮರುದಿನ ಬೆಳಿಗ್ಗೆ ಆಕೆ ಮತ್ತೆ ಕಾಫಿಯ ಲೋಟ ಹಿಡಿಯುವಾಗ ನಿನ್ನೆಯದರಲ್ಲಿ ಮೂರನೆಯ ಒಂದು ಭಾಗ ಒಳಗೇ ಇರುತ್ತದೆ. ಅದರ ಮೇಲೆ ಇಂದಿನದು ಸೇರುತ್ತದೆ.

ಕೆಫೀನ್ ಜರಾಯುವನ್ನು, ಅಂದರೆ ಮಾಸನ್ನು ತಡೆಯಿಲ್ಲದೆ ದಾಟಿ ಶಿಶುವನ್ನು ಸೇರುತ್ತದೆ. ಗರ್ಭಸ್ಥ ಶಿಶುವಿನ ಯಕೃತ್ತಿಗೆ ಅದನ್ನು ಒಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿಯ ರಕ್ತದಲ್ಲಿ ಕಡಿಮೆಯಾದರೆ ಮಾತ್ರ ಶಿಶುವಿನಲ್ಲಿಯೂ ಕಡಿಮೆಯಾಗುತ್ತದೆ. ಆದ್ದರಿಂದಲೇ ‘ನನಗೇನೂ ಆಗುವುದಿಲ್ಲ, ನಾಲ್ಕು ಲೋಟ ಕುಡಿದರೂ ನಿದ್ದೆ ಬರುತ್ತದೆ’ ಎಂಬ ತಾಯಿಯ ಅನುಭವ ಇಲ್ಲಿ ಪ್ರಮಾಣವಾಗದು. ಅಭ್ಯಾಸಬಲದಿಂದ ತಾಯಿಗೆ ಏನೂ ಅನ್ನಿಸದಿರಬಹುದು. ಶಿಶುವಿಗೆ ಆ ಅಭ್ಯಾಸವಿಲ್ಲ.

ಅಪಾಯವೇನು ಎಂಬುದನ್ನು ಹೆಚ್ಚಿಸಿಯೂ ಹೇಳಬಾರದು, ಮುಚ್ಚಿಯೂ ಇಡಬಾರದು. ಅಧ್ಯಯನಗಳು ಮುಖ್ಯವಾಗಿ ಎರಡನ್ನು ಸೂಚಿಸಿವೆ: ಶಿಶುವಿನ ತೂಕ ಕಡಿಮೆಯಾಗುವುದು ಮತ್ತು ಗರ್ಭಸ್ರಾವ. ಇಂಗ್ಲೆಂಡಿನ ಲೀಡ್ಸ್ ಮತ್ತು ಲೆಸ್ಟರ್ ನಗರಗಳಲ್ಲಿ 2,635 ಗರ್ಭಿಣಿಯರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಫೀನ್ ಏರಿದಂತೆ ಶಿಶುವಿನ ಬೆಳವಣಿಗೆ ಕುಂಠಿತವಾಗುವ ಸಂಭವವೂ ಏರಿದ್ದು ಕಂಡುಬಂತು. ಬ್ರಿಟನ್ ತನ್ನ ಮಿತಿಯನ್ನು ಇಳಿಸಲು ಇದೇ ಮುಖ್ಯ ಆಧಾರ. ಆ ಗರ್ಭಿಣಿಯರ ಕೆಫೀನಿನಲ್ಲಿ ಕಾಫಿಯಿಂದ ಬಂದದ್ದು ಶೇಕಡ 14 ಮಾತ್ರ, ಚಹಾದಿಂದ ಬಂದದ್ದು ಶೇಕಡ 62 ಎಂಬುದನ್ನು ನಮ್ಮ ಚಹಾಪ್ರಿಯ ಮನೆಗಳವರು ಗಮನಿಸಬೇಕು.

ಇನ್ನೊಂದು ಪಕ್ಷವೂ ಇದೆ. ಡೆನ್ಮಾರ್ಕಿನಲ್ಲಿ ದಿನಕ್ಕೆ ಕನಿಷ್ಠ ಮೂರು ಕಪ್ ಕಾಫಿ ಕುಡಿಯುತ್ತಿದ್ದ ಸುಮಾರು 1,200 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಮಾನ್ಯ ಕಾಫಿಯನ್ನೂ ಇನ್ನೊಂದಕ್ಕೆ ಕೆಫೀನ್ ತೆಗೆದ ಕಾಫಿಯನ್ನೂ ಕೊಟ್ಟರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪಿನ ಶಿಶುಗಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ಬದಲಾವಣೆ ಆರಂಭವಾದದ್ದು ಗರ್ಭದ ಮೊದಲ ತಿಂಗಳುಗಳು ಕಳೆದ ಮೇಲೆ. ಗರ್ಭಸ್ರಾವದ ವಿಷಯದಲ್ಲಿ ತೀರ್ಮಾನ ಇನ್ನೂ ಕಠಿಣ. ಗರ್ಭ ಚೆನ್ನಾಗಿ ನಿಂತವರಲ್ಲಿ ಬಯಕೆಯ ವಾಕರಿಕೆ ಹೆಚ್ಚು. ವಾಕರಿಕೆ ಇದ್ದವರಿಗೆ ಕಾಫಿಯ ವಾಸನೆಯೇ ಆಗದು, ಅವರು ತಾವಾಗಿಯೇ ಬಿಡುತ್ತಾರೆ. ಗರ್ಭ ದುರ್ಬಲವಾಗಿರುವವರಲ್ಲಿ ವಾಕರಿಕೆ ಕಡಿಮೆ, ಅವರು ಕುಡಿಯುತ್ತ ಹೋಗುತ್ತಾರೆ. ಆಗ ಕಾಫಿಯಿಂದ ಗರ್ಭ ಹೋಯಿತೋ, ಗರ್ಭ ಹೋಗಲಿದ್ದುದರಿಂದಲೇ ಕಾಫಿ ಮುಂದುವರಿಯಿತೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ, ಗರ್ಭ ಕಳೆದುಕೊಂಡ ಹೆಣ್ಣುಮಗಳಿಗೆ ‘ನೀನು ಕಾಫಿ ಕುಡಿದದ್ದರಿಂದಲೇ ಹೀಗಾಯಿತು’ ಎಂದು ಯಾರೂ ಹೇಳಬಾರದು. ಹಾಗೆ ಹೇಳಲು ವೈದ್ಯಶಾಸ್ತ್ರದ ಆಧಾರವಿಲ್ಲ, ಅದು ಕ್ರೌರ್ಯವೂ ಹೌದು. ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವಾದಿಸುವ ಸಂಶೋಧಕರೂ ಇದ್ದಾರೆ. ಪೂರ್ಣ ಬಿಡಬಲ್ಲವರು ಬಿಟ್ಟರೆ ನಷ್ಟವೇನೂ ಇಲ್ಲ. ಬಿಡಲಾಗದವರಿಗೆ 200 ಎಂಬುದು ಮೇಲಿನ ಗಡಿ, ದಿನವೂ ಮುಟ್ಟಲೇಬೇಕಾದ ಗುರಿಯಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. ‘ದಿನಕ್ಕೆ ಎರಡು ಕಪ್’ ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಯಾರ ಮನೆಯ ಕಪ್? ಒಂದು ಮನೆಯ ಸ್ಟೀಲ್ ಲೋಟ ಇನ್ನೊಂದು ಮನೆಯ ಎರಡು ಬಟ್ಟಲಿಗೆ ಸಮ. ಒಬ್ಬರ ಡಿಕಾಕ್ಷನ್ ಎಣ್ಣೆಯಂತೆ ಗಟ್ಟಿ, ಇನ್ನೊಬ್ಬರದು ನೀರು. ಹಾಲು ಹೆಚ್ಚು ಹಾಕಿದರೆ ಕೆಫೀನ್ ಕಡಿಮೆಯಾಗುತ್ತದೆಂಬ ನಂಬಿಕೆ ಬೇರೆ. ಹಾಲು ಬಣ್ಣವನ್ನು ತಿಳಿಮಾಡುತ್ತದೆ, ಕೆಫೀನನ್ನು ತೆಗೆಯುವುದಿಲ್ಲ. ಲೋಟದೊಳಕ್ಕೆ ಎಷ್ಟು ಪುಡಿಯ ಸತ್ವ ಇಳಿಯಿತು ಎಂಬುದೇ ಮುಖ್ಯ. ಆದ್ದರಿಂದ ನಾನು ಕಪ್ ಎಣಿಸುವುದನ್ನು ಬಿಟ್ಟು, ಪುಡಿಯ ಪೊಟ್ಟಣ ಎಷ್ಟು ದಿನ ಬರುತ್ತದೆ ಎಂದು ಕೇಳುತ್ತೇನೆ. ಮನೆಯ ಹೆಂಗಸರಿಗೆ ಇದು ಕರಾರುವಾಕ್ಕಾಗಿ ಗೊತ್ತಿರುತ್ತದೆ.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ತವರು ಬೆಳಗಾವಿ ಕಡೆಯದು, ಗಂಡನ ಮನೆ ಚಿಕ್ಕಮಗಳೂರು ಜಿಲ್ಲೆ. ಏಳನೆಯ ತಿಂಗಳಲ್ಲಿ ಕುಬುಸ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳನ್ನು ತಾಯಿ ಕರೆತಂದರು. ಹದಿನೈದು ದಿನಗಳಿಂದ ರಾತ್ರಿ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಹುಳಿತೇಗು. ರಕ್ತದೊತ್ತಡ ಸರಿಯಿತ್ತು, ಸ್ಕ್ಯಾನಿಂಗ್ ವರದಿಯಲ್ಲಿ ಶಿಶುವಿನ ಬೆಳವಣಿಗೆಯೂ ಸರಿಯಿತ್ತು. ಹಿಮೋಗ್ಲೋಬಿನ್ ಮಾತ್ರ 9.4. ಏನೇನು ಕುಡಿಯುತ್ತಾಳೆ ಎಂದು ಕೇಳಿದೆ. ತಾಯಿ ಅಭಿಮಾನದಿಂದಲೇ ಹೇಳಿದರು: “ಕಾಫಿ ಮುಟ್ಟಿಸಿಲ್ಲ ನೋಡ್ರಿ, ಬರೇ ಚಾ ಕೊಡಾಕತ್ತೀವಿ.”

ಮೊದಲು ಗಂಡನ ಮನೆಯ ಲೆಕ್ಕ ತೆಗೆದೆವು. ಅಲ್ಲಿ ಅರ್ಧ ಕಿಲೋ ಕಾಫಿಪುಡಿ 12 ದಿನ ಬರುತ್ತಿತ್ತು. ನಾಲ್ಕು ಜನ, ತಲೆಗೆ ದಿನಕ್ಕೆ ಎರಡು ಲೋಟ. ಒಟ್ಟು 96 ಲೋಟ. ಅಂದರೆ ಲೋಟಕ್ಕೆ 5 ಗ್ರಾಂಗಿಂತ ತುಸು ಹೆಚ್ಚು ಪುಡಿ. ಪೊಟ್ಟಣದ ಮೇಲೆ ಕಾಫಿ 70, ಚಿಕೋರಿ 30 ಎಂದು ಬರೆದಿತ್ತು. ಚಿಕೋರಿ ಒಂದು ಬೇರಿನ ಪುಡಿ, ಅದರಲ್ಲಿ ಕೆಫೀನ್ ಇಲ್ಲ. ಹಾಗಾಗಿ ಲೋಟಕ್ಕೆ ಬಿದ್ದ ನಿಜವಾದ ಕಾಫಿ ಮೂರೂವರೆ ಗ್ರಾಂ ಚಿಲ್ಲರೆ. ಅರೇಬಿಕಾ ಬೀಜದಲ್ಲಿ ಕೆಫೀನ್ ಶೇಕಡ 1.2ರ ಆಸುಪಾಸು, ರೋಬಸ್ಟಾದಲ್ಲಿ ಶೇಕಡ 2ಕ್ಕೂ ಮೇಲೆ. ಎರಡೂ ಬೆರೆತ ಪುಡಿಯೆಂದು ಭಾವಿಸಿದರೆ ಲೋಟಕ್ಕೆ ಸುಮಾರು 60 ಮಿಲಿಗ್ರಾಂ ಇಳಿಯುತ್ತದೆ. ದಿನಕ್ಕೆ ಎರಡು ಲೋಟಕ್ಕೆ 120. ಮಧ್ಯಾಹ್ನದ ಒಂದು ಚಹಾ 50 ಎಂದು ಹಿಡಿದರೂ 170. ಮಿತಿಯೊಳಗೇ ಇದ್ದಳು.

ಇನ್ನು ತವರಿನ ಲೆಕ್ಕ. “ಅವ್ವಾ, ಚಹಾಪುಡಿ ಪಾಕೀಟು ಎಷ್ಟು ದಿನ ಬರತೈತಿ?” ಎಂದೆ. ಕಾಲು ಕಿಲೋ ಎಂಟು ದಿನ ಎಂದರು. ಮನೆಯಲ್ಲಿ ದಿನಕ್ಕೆ ಒಟ್ಟು 16 ಕಪ್. ಎಂಟು ದಿನಕ್ಕೆ 128. ಕಪ್ಪಿಗೆ 2 ಗ್ರಾಂ ಪುಡಿ ಬಿತ್ತು. ಒಣ ಚಹಾಪುಡಿಯಲ್ಲಿ ಕೆಫೀನ್ ಶೇಕಡ 3ರ ಆಸುಪಾಸು ಇರುತ್ತದೆ, ಅಂದರೆ 2 ಗ್ರಾಮಿಗೆ 60 ಮಿಲಿಗ್ರಾಂ. ನಾವು ಮಾಡುವಂತೆ ಸಣ್ಣ ಹರಳಿನ ಪುಡಿಯನ್ನು ಹಾಲು ಸಕ್ಕರೆಯೊಡನೆ ಕುದಿಸಿದರೆ ಅದರ ಬಹುಪಾಲು ಕಪ್ಪಿಗೆ ಬರುತ್ತದೆ. 50 ಎಂದು ಹಿಡಿಯಬಹುದು. ಮಗಳು ಎಷ್ಟು ಕುಡಿಯುತ್ತಿದ್ದಳು? ಎದ್ದ ಕೂಡಲೇ ಒಂದು, ನಾಷ್ಟಾದೊಡನೆ ಒಂದು, ಹನ್ನೊಂದಕ್ಕೆ ಒಂದು, ಸಂಜೆ ನಾಲ್ಕಕ್ಕೆ ಒಂದು, ದೀಪ ಹಚ್ಚುವ ಹೊತ್ತಿಗೆ ನೋಡಲು ಬಂದವರೊಡನೆ ಇನ್ನೊಂದು. ಗರ್ಭಿಣಿಯನ್ನು ನೋಡಲು ದಿನವೂ ಯಾರಾದರೂ ಬರುತ್ತಾರೆ, ಬಂದವರಿಗೆ ಚಹಾ ಆಗಲೇಬೇಕು, ಅವರೊಡನೆ ಕುಳಿತವಳು ಒಲ್ಲೆನೆನ್ನಲಾಗದು. ಐದು ಕಪ್ಪಿಗೆ 250. ಹುಳಿತೇಗಿಗೆಂದು ತಮ್ಮ ಸಂಜೆ ತಂದುಕೊಡುತ್ತಿದ್ದ ಕೋಲಾ ಒಂದು ಸಣ್ಣ ಶೀಶೆ, 250 ಮಿಲಿಲೀಟರಿಗೆ ಸುಮಾರು 25. ಒಟ್ಟು 275 ಮಿಲಿಗ್ರಾಂ.

ಕಾಫಿಯ ಮನೆಯಲ್ಲಿ ಮಿತಿಯೊಳಗಿದ್ದವಳು ಚಹಾದ ಮನೆಯಲ್ಲಿ ಮಿತಿ ಮೀರಿದ್ದಳು. ಅದೂ ಕೆಫೀನ್ ದೇಹದಲ್ಲಿ ಬಹುಕಾಲ ನಿಲ್ಲುವ ಏಳು ಎಂಟನೆಯ ತಿಂಗಳುಗಳಲ್ಲಿ. ಹುಳಿತೇಗಿಗೆ ಕೋಲಾ ಪರಿಹಾರವಲ್ಲ, ಅದೇ ಕಾರಣಗಳಲ್ಲೊಂದು ಎಂಬುದನ್ನು ತಮ್ಮನಿಗೆ ಬೇರೆಯಾಗಿ ತಿಳಿಸಬೇಕಾಯಿತು.

ಈ ಲೆಕ್ಕ ಪ್ರಯೋಗಾಲಯದ ನಿಖರತೆಯದಲ್ಲ. ಎಲೆ, ಬೀಜ, ಕುದಿಸುವ ಹೊತ್ತು ಬದಲಾದಂತೆ ಹತ್ತಿಪ್ಪತ್ತು ಮಿಲಿಗ್ರಾಂ ಹೆಚ್ಚು ಕಡಿಮೆಯಾಗುತ್ತದೆ. ಸಂಶಯವಿದ್ದಲ್ಲಿ ಹೆಚ್ಚೆಂದೇ ಹಿಡಿಯಿರಿ. ಚಿಕೋರಿಯಿಲ್ಲದ ಶುದ್ಧ ರೋಬಸ್ಟಾ ಪುಡಿಯಾದರೆ ಅದೇ 5 ಗ್ರಾಂನಿಂದ ಲೋಟಕ್ಕೆ 100 ಬರುತ್ತದೆ, ಎರಡೇ ಲೋಟಕ್ಕೆ ದಿನದ ಗಡಿ ಮುಗಿಯಿತು. ಫಿಲ್ಟರಿನ ಮೊದಲ ಡಿಕಾಕ್ಷನ್‌ನಲ್ಲಿಯೇ ಕೆಫೀನಿನ ಬಹುಭಾಗ ಇಳಿದುಬಿಡುತ್ತದೆ. ಎರಡನೆಯ ಬಾರಿ ನೀರು ಹೊಯ್ದು ತೆಗೆದದ್ದರಲ್ಲಿ ಉಳಿಯುವುದು ಅಲ್ಪ. ಮನೆಯಲ್ಲಿ ಮೊದಲನೆಯದನ್ನು ಗಂಡಸರಿಗೆ ಕೊಟ್ಟು ಹೆಂಗಸರು ಎರಡನೆಯದನ್ನು ಕುಡಿಯುವ ಹಳೆಯ ರೂಢಿಯನ್ನು ನಾನು ಮೆಚ್ಚುವವನಲ್ಲ, ಆದರೆ ಗರ್ಭಿಣಿಯ ಮಟ್ಟಿಗೆ ಅದು ಅನುಕೂಲವೇ ಆಗಿದೆ. ಹೋಟೆಲಿನ ಕಾಫಿಯ ಪುಡಿ ಎಷ್ಟೆಂದು ನಮಗೆ ತಿಳಿಯದು. ಅದನ್ನು 100 ಎಂದು ಎಣಿಸಿ, ಬೈಟು ಮಾಡಿಸಿಕೊಂಡರೆ 50 ಎಂದು ಹಿಡಿಯಿರಿ. ಹಸಿರು ಚಹಾದಲ್ಲಿಯೂ ಕೆಫೀನ್ ಇದೆ.

ಕೋಲಾದಲ್ಲಿ ಕೆಫೀನ್ ಕಡಿಮೆ, ಅಲ್ಲಿ ಹೆಚ್ಚಿನ ತೊಂದರೆ ಸಕ್ಕರೆಯದು. ಗರ್ಭಿಣಿಯರ ಮಧುಮೇಹವಿರುವವರಿಗೆ ಅದು ಒಂದು ಶೀಶೆಯೂ ಸಲ್ಲದು. ಕೋಲಾದ ಪಕ್ಕದಲ್ಲಿಯೇ ಇಟ್ಟು ಮಾರುವ ಶಕ್ತಿವರ್ಧಕ ಪಾನೀಯಗಳದು ಬೇರೆಯೇ ಜಾತಿ. ನಮ್ಮ ದೇಶದ ನಿಯಮದಂತೆ ಅವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು, ಅಂದರೆ 250 ಮಿಲಿಲೀಟರಿನ ಡಬ್ಬಿಗೆ 75. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಸೂಕ್ತವಲ್ಲವೆಂದು ಡಬ್ಬಿಯ ಮೇಲೆಯೇ ಮುದ್ರಿಸಿರುತ್ತಾರೆ. ಅಕ್ಷರ ಮಾತ್ರ ಇರುವೆಯ ಗಾತ್ರದ್ದು. ಇವನ್ನು ಗರ್ಭಿಣಿಯು ಲೆಕ್ಕ ಹಾಕಿ ಕುಡಿಯುವುದಲ್ಲ, ಬಿಡುವುದೇ ಸರಿ.

ಆ ಮಗಳ ಹಿಮೋಗ್ಲೋಬಿನ್‌ಗೆ ಮರಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಕಬ್ಬಿಣದ ಗುಳಿಗೆಯನ್ನು ಆಕೆ ತಪ್ಪದೆ ನುಂಗುತ್ತಿದ್ದಳು, ಆದರೆ ನಾಷ್ಟಾದ ಚಹಾದೊಡನೆ. ಚಹಾದ ಒಗರು ಅಂಶ ಕಬ್ಬಿಣವನ್ನು ಕರುಳಿನಲ್ಲಿಯೇ ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಾಫಿಯೂ ಇದನ್ನು ಮಾಡುತ್ತದೆ, ಚಹಾದಷ್ಟಲ್ಲ. ಇದು ಕೆಫೀನಿನ ದೋಷವಲ್ಲವಾದ್ದರಿಂದ ಕೆಫೀನ್ ತೆಗೆದ ಚಹಾ ಕುಡಿದರೂ ತೊಂದರೆ ತಪ್ಪದು. ಊಟಕ್ಕೂ ಗುಳಿಗೆಗೂ ಮೊದಲು ಒಂದು ಗಂಟೆ, ನಂತರ ಒಂದು ಗಂಟೆ ಕಾಫಿ ಚಹಾ ಬೇಡ. ಗುಳಿಗೆಯನ್ನು ನಿಂಬೆಹಣ್ಣಿನ ಶರಬತ್ತಿನೊಡನೆ ನುಂಗಿದರೆ ಉತ್ತಮ. ಆಕೆ ಗುಳಿಗೆಯ ಹೊತ್ತನ್ನು ಬದಲಿಸಿದಳು. ಆರು ವಾರಗಳ ನಂತರ ಹಿಮೋಗ್ಲೋಬಿನ್ 10.3ಕ್ಕೆ ಬಂತು.

ಚಹಾವನ್ನು ಮರುದಿನವೇ ನಿಲ್ಲಿಸಲು ನಾನು ಹೇಳಲಿಲ್ಲ. ನಿತ್ಯದ ಕೆಫೀನ್ ಒಮ್ಮೆಲೇ ತಪ್ಪಿದರೆ ಒಂದು ದಿನದೊಳಗೆ ತಲೆನೋವು, ಮಂಕು, ಸಿಡುಕು ಆರಂಭವಾಗಿ ಕೆಲವು ದಿನ ಕಾಡುತ್ತವೆ. ಆಗ ಮನೆಯವರು ತಲೆನೋವಿನ ಗುಳಿಗೆ ಕೊಡುತ್ತಾರೆ, ಅಂಥ ಕೆಲವು ಗುಳಿಗೆಗಳಲ್ಲಿಯೇ ಕೆಫೀನ್ ಇರುತ್ತದೆ, ಬಿಟ್ಟದ್ದು ಹಿಂಬಾಗಿಲಿನಿಂದ ಬಂದಂತಾಗುತ್ತದೆ. ಎರಡು ಮೂರು ದಿನಕ್ಕೊಂದು ಕಪ್ಪಿನಂತೆ ಇಳಿಸಿ, ಒಂದೂವರೆ ವಾರದಲ್ಲಿ ಬೆಳಿಗ್ಗೆ ಒಂದು, ನಾಲ್ಕು ಗಂಟೆಗೆ ಒಂದು ಎಂಬಲ್ಲಿಗೆ ತಂದೆವು. ದಿನಕ್ಕೆ 100 ಮಿಲಿಗ್ರಾಂ. ಕೋಲಾ ನಿಂತಿತು. ಬಂದವರೊಡನೆ ಕುಳಿತಾಗ ಅದೇ ಕಪ್ಪಿನಲ್ಲಿ ಜೀರಿಗೆ ಕೊತ್ತಂಬರಿಯ ತಿಳಿ ಕಷಾಯ, ಇಲ್ಲವೇ ಬಿಸಿ ಹಾಲು. ಕಪ್ ಕೈಯಲ್ಲಿದ್ದರೆ ಸಾಕು, ಒಳಗೇನಿದೆಯೆಂದು ಯಾರೂ ಕೇಳುವುದಿಲ್ಲ. ನಿದ್ದೆ ಎರಡನೆಯ ವಾರದಿಂದ ಸುಧಾರಿಸಿತು.

ಎರಡು ಎಚ್ಚರಿಕೆಗಳಿವೆ. ಬದಲಿ ಕಷಾಯವೆಂದು ಪೊಟ್ಟಣದ ಪುಡಿಗಳನ್ನು ತರುವಾಗ ಅವುಗಳಲ್ಲಿ ಜ್ಯೇಷ್ಠಮಧು ಇದೆಯೇ ಎಂದು ಓದಿ ನೋಡಿ. ಗಂಟಲಿಗೆ ಹಿತವಾದ ಈ ಬೇರು ಗರ್ಭಿಣಿಗೆ ನಿತ್ಯ ಸೇವನೆಗೆ ತಕ್ಕದ್ದಲ್ಲ, ಅದು ರಕ್ತದೊತ್ತಡವನ್ನೂ ಏರಿಸಬಲ್ಲದು. ಮೂಲಿಕೆಯೆಂದ ಮಾತ್ರಕ್ಕೆ ಎಲ್ಲವೂ ನಿರಪಾಯಕಾರಿಯಲ್ಲವೆಂಬುದನ್ನು ಆಯುರ್ವೇದ ವೈದ್ಯನಾದ ನಾನೇ ಹೇಳಬೇಕು. ಎರಡನೆಯದು ಇನ್ನೂ ಮುಖ್ಯ. ಐದು ತಿಂಗಳು ಕಳೆದ ಮೇಲೆ ತೀವ್ರ ತಲೆನೋವು ಬಂದು, ಕಣ್ಣು ಮಂಜಾಗುವುದು, ಮುಖ ಕೈಗಳು ಬಾತುಕೊಳ್ಳುವುದು ಅಥವಾ ಮೇಲುಹೊಟ್ಟೆಯ ನೋವು ಕಂಡರೆ ‘ಚಹಾ ಬಿಟ್ಟದ್ದಕ್ಕೆ ಹೀಗೆ’ ಎಂದು ಮನೆಯಲ್ಲಿ ಕೂರಬೇಡಿ. ಅದು ರಕ್ತದೊತ್ತಡ ಏರಿದ ಲಕ್ಷಣವಾಗಿರಬಹುದು, ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಮೊದಲೇ ರಕ್ತದೊತ್ತಡವಿರುವವರು, ಶಿಶುವಿನ ಬೆಳವಣಿಗೆ ಸಾಲದೆಂದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂದವರು ಈ 200ರ ಮಿತಿಯನ್ನು ತಮ್ಮದೆಂದು ತಿಳಿಯದೆ ತಮ್ಮ ವೈದ್ಯರು ಹೇಳಿದಷ್ಟನ್ನೇ ಪಾಲಿಸಬೇಕು.

ಹೆರಿಗೆಯಾದ ಮೇಲೆ ತಾಯಿಯ ಯಕೃತ್ತು ಕೆಲವೇ ವಾರಗಳಲ್ಲಿ ಹಿಂದಿನ ವೇಗಕ್ಕೆ ಮರಳುತ್ತದೆ. ಶಿಶುವಿನದು ಹಾಗಲ್ಲ. ನವಜಾತ ಶಿಶುವಿನ ದೇಹದಲ್ಲಿ ಕೆಫೀನಿನ ಅರ್ಧ ಭಾಗ ಕಳೆಯಲು ಮೂರು ನಾಲ್ಕು ದಿನಗಳೇ ಬೇಕಾಗುತ್ತವೆ, ಮತ್ತು ಎದೆಹಾಲಿನಲ್ಲಿ ಸ್ವಲ್ಪ ಅಂಶ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಬಾಣಂತನದ ಮೊದಲ ಮೂರು ತಿಂಗಳು ಇದೇ ಲೆಕ್ಕವನ್ನು ಮುಂದುವರಿಸಿ, ಬೆಳಗಿನ ಲೋಟವನ್ನು ಶಿಶುವಿಗೆ ಹಾಲೂಡಿಸಿದ ನಂತರ ಕುಡಿಯಿರಿ.